ಕೋರ್ಟ್ ಆದೇಶದ ಫೋಟೊ ಬಂದಿದೆ, ಅದರಲ್ಲಿ ಏನಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋರ್ಟ್ ಆದೇಶಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಮುಕ್ಕಾಲು ಪಾಲು ಜನರ ಕೈಯಲ್ಲಿ ಕಾಗದ ಇರುವುದಿಲ್ಲ, ಫೋನಿನಲ್ಲಿ ಒಂದು ಫೋಟೊ ಇರುತ್ತದೆ. ಅಣ್ಣನ ಮಗ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು, ಊರಿನ ಗ್ರೂಪಿನಲ್ಲಿ ಯಾರೋ ಹಾಕಿದ್ದು. "ಏನೋ ಸ್ಟೇ ತಂದಿದಾರಂತೆ, ನೋಡಿ ಹೇಳಿ" ಅನ್ನುತ್ತಾರೆ.

ಆದೇಶಗಳಲ್ಲಿ ನೂರಾರು ಬಗೆ ಇವೆ. ಇಲ್ಲಿ ನಾನು ತೆಗೆದುಕೊಂಡಿರುವುದು ಒಂದೇ ಬಗೆ: ಜಮೀನಿನ ದಾವೆಯಲ್ಲಿ ತಾಲ್ಲೂಕಿನ ಸಿವಿಲ್ ಕೋರ್ಟು ಮೊದಲ ದಿನವೇ ಕೊಡುವ ತಾತ್ಕಾಲಿಕ ತಡೆಯಾಜ್ಞೆ. ನಮ್ಮ ಹಳ್ಳಿಗಳಲ್ಲಿ ಜಾಸ್ತಿ ಕೈಗೆ ಬರುವುದು ಇದೇ. ನೀವು ಪ್ರತಿವಾದಿ, ಅಂದರೆ ನಿಮ್ಮ ಮೇಲೆ ದಾವೆ ಆಗಿದೆ ಎಂದುಕೊಂಡು ಬರೆದಿದ್ದೇನೆ. ಉದಾಹರಣೆಯ ತಾರೀಕುಗಳು ಲೆಕ್ಕ ತೋರಿಸುವುದಕ್ಕೆ ನಾನೇ ಹಾಕಿಕೊಂಡವು.

ಫೋಟೊ ಸಾಕಾ, ಕಾಗದವೇ ಬೇಕಾ?

ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಫೋಟೊ ಸಾಕು. ಆದರೆ ಪೂರ್ತಿ ಇರಬೇಕು. ಆರ್ಡರ್ ಶೀಟ್ ಅಂದರೆ ಉದ್ದನೆಯ ಹಾಳೆ. ಎಡಗಡೆ ಅಂಚಿನಲ್ಲಿ ತಾರೀಕು, ಬಲಗಡೆ ಆದೇಶ. ಫೋಟೊ ತೆಗೆಯುವವರು ಮಧ್ಯದ ಬರಹ ಮಾತ್ರ ಹಿಡಿದು ಅಂಚು ಬಿಟ್ಟುಬಿಡುತ್ತಾರೆ. ಆಗ ಆದೇಶ ಸಿಗುತ್ತದೆ, ತಾರೀಕು ಸಿಗುವುದಿಲ್ಲ. ತಾರೀಕಿಲ್ಲದೆ ಗಡುವಿನ ಲೆಕ್ಕ ಶುರು ಮಾಡುವುದಕ್ಕೇ ಆಗುವುದಿಲ್ಲ.

ಇನ್ನೊಂದು ತೊಂದರೆ ಮಡಿಕೆಯದು. ಕಾಗದ ಮಡಿಚಿದ ಜಾಗದಲ್ಲಿ ಒಂದು ಸಾಲು ಹೋಗಿಬಿಡುತ್ತದೆ. ಆ ಸಾಲಿನಲ್ಲಿ "ನಾಟ್" ಅನ್ನುವ ಪದ ಇತ್ತು ಅಂದುಕೊಳ್ಳಿ, ಅರ್ಥವೇ ತಿರುಗುಮುರುಗು. ಕೈಬರಹದ ಆದೇಶದಲ್ಲಿ 1ಕ್ಕೂ 7ಕ್ಕೂ ವ್ಯತ್ಯಾಸ ಕಾಣದ ದಿನಗಳು ಎಷ್ಟೋ. ಒಮ್ಮೆ 1ನೇ ತಾರೀಕೋ 7ನೇ ತಾರೀಕೋ ಗೊತ್ತಾಗದೆ, ಬಂದವರನ್ನು ವಾಪಸ್ ಕಳಿಸಿ ಇನ್ನೊಂದು ಫೋಟೊ ತರಿಸಿದ್ದೆ. ಅದು 1 ಆಗಿತ್ತು. ಮಾರನೇ ದಿನವೇ ಮುದ್ದತು ಇತ್ತು.

ಹಾಗಾಗಿ ಹಾಳೆಯನ್ನು ಬೆಳಕಿನಲ್ಲಿ ಚಪ್ಪಟೆಯಾಗಿ ಇಟ್ಟು, ನಾಲ್ಕೂ ಮೂಲೆ ಕಾಣುವ ಹಾಗೆ ತೆಗೆಯಿರಿ. ಹಿಂಬದಿಯನ್ನೂ ತೆಗೆಯಿರಿ. ಓದಲಾಗದ ಪದವನ್ನು ಅನುವಾದ ಮಾಡುವವರು ಊಹಿಸಿ ತುಂಬಬಾರದು. ನಾನು ಆ ಜಾಗದಲ್ಲಿ "ಇಲ್ಲಿ ಓದಲಾಗುತ್ತಿಲ್ಲ" ಎಂದೇ ಬರೆಯುತ್ತೇನೆ.

ಇದು ನಿಜವಾದ ಆದೇಶವೇ ಅನ್ನುವ ಅನುಮಾನ ಇದ್ದರೆ ಸಿಎನ್‌ಆರ್ ನಂಬರ್, ಅಂದರೆ ಒಂದೊಂದು ಕೇಸಿಗೂ ಬೇರೆಯಾಗಿ ಕೊಡುವ ನಂಬರ್ ನೋಡಿ. 16 ಅಕ್ಷರ ಮತ್ತು ಅಂಕಿಗಳದ್ದು, ಕರ್ನಾಟಕದ್ದಾದರೆ KA ಇಂದ ಶುರುವಾಗುತ್ತದೆ. eCourts Services ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಕೇಸು ಯಾವ ಕೋರ್ಟಿನಲ್ಲಿದೆ, ಮುಂದಿನ ಮುದ್ದತು ಯಾವತ್ತು ಅನ್ನುವುದು ಬರುತ್ತದೆ. ಫೋಟೊದಲ್ಲಿನ ತಾರೀಕಿಗೂ ಆ್ಯಪ್‌ನ ತಾರೀಕಿಗೂ ತಾಳೆ ಆಗದಿದ್ದರೆ ಅವತ್ತೇ ಕೋರ್ಟಿನ ಆಫೀಸಿನಲ್ಲಿ ಕೇಳಿ.

ಇಡೀ ಆದೇಶವನ್ನು ಒಂದು ಸಲ ಕನ್ನಡದಲ್ಲಿ ಹೇಳಿಬಿಡಿ.

ಸರಿ. ಇಂಥ ಆದೇಶ ಸಾಮಾನ್ಯವಾಗಿ ಆರೇಳು ಸಾಲು ಇರುತ್ತದೆ. ನಮ್ಮ ಉದಾಹರಣೆಯದು 12-06-2025ರ ಆದೇಶ. ಸಾಲು ಸಾಲಾಗಿ ಹೋಗೋಣ.

"ಹರ್ಡ್. ಪರ್ಯೂಸ್ಡ್." ವಾದಿಯ ವಕೀಲರು ಹೇಳಿದ್ದನ್ನು ಕೇಳಿದೆ, ಕಾಗದಪತ್ರ ನೋಡಿದೆ ಎಂದು ನ್ಯಾಯಾಧೀಶರು ಹೇಳುತ್ತಿದ್ದಾರೆ. ನಿಮ್ಮನ್ನು ಕೇಳಿದರು ಅಂತ ಅಲ್ಲ.

"ಐ.ಎ. ನಂಬರ್ 1, ಆರ್ಡರ್ 39 ರೂಲ್ 1 ಆ್ಯಂಡ್ 2." ಐ.ಎ. ಅಂದರೆ ದಾವೆಯ ಒಳಗೆ ಹಾಕಿದ ಮಧ್ಯಂತರ ಅರ್ಜಿ. ಆರ್ಡರ್ 39 ಅನ್ನುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ತಾತ್ಕಾಲಿಕ ತಡೆಯಾಜ್ಞೆಯ ಭಾಗ. ಇಲ್ಲಿ ಆರ್ಡರ್ ಅಂದರೆ ಅಪ್ಪಣೆ ಅಲ್ಲ, ಅಧ್ಯಾಯ ಇದ್ದ ಹಾಗೆ. "39 ಆರ್ಡರ್ ಆಗಿದೆಯಂತೆ" ಎಂದು ಗಾಬರಿಯಿಂದ ಬಂದವರನ್ನು ನೋಡಿದ್ದೇನೆ.

"ಪ್ರೈಮಾ ಫೇಸಿ ಕೇಸ್ ಈಸ್ ಮೇಡ್ ಔಟ್." ಮೇಲ್ನೋಟಕ್ಕೆ ವಾದಿಯ ಮಾತಿನಲ್ಲಿ ಹುರುಳಿದೆ ಎಂದು ಕಾಣುತ್ತಿದೆ.

"ಡಿಫೆಂಡೆಂಟ್ಸ್, ದೇರ್ ಮೆನ್, ಏಜೆಂಟ್ಸ್, ಆರ್ ಎನಿಬಡಿ ಕ್ಲೇಮಿಂಗ್ ಅಂಡರ್ ದೆಮ್, ಆರ್ ರಿಸ್ಟ್ರೇನ್ಡ್ ಬೈ ವೇ ಆಫ್ ಎಕ್ಸ್ ಪಾರ್ಟೆ ಆ್ಯಡ್ ಇಂಟೆರಿಮ್ ಟೆಂಪರರಿ ಇಂಜಂಕ್ಷನ್…" ಪ್ರತಿವಾದಿಗಳು, ಅವರ ಕಡೆಯ ಜನ, ಅವರ ಮೂಲಕ ಹಕ್ಕು ಹೇಳುವ ಯಾರೇ ಆಗಲಿ, ವಾದಿಯ ಶಾಂತಿಯುತ ಸ್ವಾಧೀನಕ್ಕೆ ಮತ್ತು ಅನುಭೋಗಕ್ಕೆ ಅಡ್ಡಿ ಮಾಡಬಾರದು. ಈ ಆದೇಶ ನಿಮ್ಮ ಮಾತು ಕೇಳುವ ಮೊದಲು, ಸದ್ಯಕ್ಕೆ ಮಾತ್ರ ಕೊಟ್ಟದ್ದು.

"ಟಿಲ್ ದಿ ನೆಕ್ಸ್ಟ್ ಡೇಟ್ ಆಫ್ ಹಿಯರಿಂಗ್." ಮುಂದಿನ ಮುದ್ದತಿನ ತನಕ.

"ಕಂಪ್ಲೈ ಆರ್ಡರ್ 39 ರೂಲ್ 3." ಇದು ವಾದಿಗೆ ಹೇಳಿದ ಮಾತು. ಏನೆಂದು ಕೆಳಗೆ ಹೇಳುತ್ತೇನೆ.

"ಇಶ್ಯೂ ಸೂಟ್ ಸಮನ್ಸ್ ಆ್ಯಂಡ್ ಐ.ಎ. ನೋಟಿಸ್. ಕಾಲ್ ಆನ್ 08-07-2025." ಪ್ರತಿವಾದಿಗಳಿಗೆ ದಾವೆಯ ಸಮನ್ಸನ್ನೂ ಅರ್ಜಿಯ ನೋಟಿಸನ್ನೂ ಕಳಿಸಿ. ಕೇಸನ್ನು ಮತ್ತೆ ಕರೆಯುವುದು ಜುಲೈ 8ಕ್ಕೆ.

"ಎಕ್ಸ್ ಪಾರ್ಟೆ" ಅಂತ ಇದೆ. ನನ್ನ ಮೇಲೆ ಎಕ್ಸ್‌ಪಾರ್ಟಿ ಆಗೋಯ್ತಾ?

ಇಲ್ಲ. ಈ ಒಂದು ಪದ ಮಾಡುವಷ್ಟು ಗೊಂದಲ ಇನ್ನಾವುದೂ ಮಾಡುವುದಿಲ್ಲ. ಒಂದೇ ಲ್ಯಾಟಿನ್ ಪದ ಒಂದೇ ಆರ್ಡರ್ ಶೀಟಿನಲ್ಲಿ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ.

ಮೊದಲನೆಯದು, "ಎಕ್ಸ್ ಪಾರ್ಟೆ ಇಂಜಂಕ್ಷನ್". ಒಂದು ಕಡೆಯವರನ್ನು ಮಾತ್ರ ಕೇಳಿ ಕೊಟ್ಟ ತಡೆಯಾಜ್ಞೆ. ನಿಮಗೆ ನೋಟಿಸು ಹೋಗಿ ಬರುವಷ್ಟರಲ್ಲಿ ಉದ್ದೇಶವೇ ಹಾಳಾಗುತ್ತದೆ ಎಂದು ಕೋರ್ಟಿಗೆ ಅನ್ನಿಸಿದಾಗ, ಕಾರಣ ಬರೆದು ಹೀಗೆ ಕೊಡಬಹುದು. ನೀವು ತಪ್ಪು ಮಾಡಿದ್ದೀರಿ ಅಂತ ಅಲ್ಲ. ನಿಮ್ಮ ಸರದಿ ಇನ್ನೂ ಬಂದಿಲ್ಲ ಅಷ್ಟೆ.

ಎರಡನೆಯದು, "ಡಿಫೆಂಡೆಂಟ್ ಪ್ಲೇಸ್ಡ್ ಎಕ್ಸ್ ಪಾರ್ಟೆ". ಸಮನ್ಸ್ ಮುಟ್ಟಿದ ಮೇಲೂ ನೀವು ಬರಲಿಲ್ಲ, ಇನ್ನು ನಿಮ್ಮನ್ನು ಬಿಟ್ಟು ಕೇಸು ಮುಂದೆ ಹೋಗುತ್ತದೆ ಎಂಬ ಅರ್ಥ. ಇದು ಗಂಭೀರ.

ಕನ್ನಡದಲ್ಲಿ ಎರಡಕ್ಕೂ "ಏಕಪಕ್ಷೀಯ" ಎಂದು ಬರೆದು ಕೈತೊಳೆದುಕೊಂಡರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ನಾನು ಮೊದಲನೆಯದಕ್ಕೆ "ನಿಮ್ಮನ್ನು ಇನ್ನೂ ಕೇಳದೆ ಕೊಟ್ಟ" ಎಂದೂ, ಎರಡನೆಯದಕ್ಕೆ "ನೀವು ಬಾರದ ಕಾರಣ ನಿಮ್ಮನ್ನು ಬಿಟ್ಟು" ಎಂದೂ ಬರೆಯುತ್ತೇನೆ. ಉದ್ದ ಆಗುತ್ತದೆ, ಆಗಲಿ.

"ಪ್ರೈಮಾ ಫೇಸಿ" ಅಂದರೆ ಜಡ್ಜು ಅವರನ್ನೇ ನಂಬಿದಾರೆ ಅಂತ ಅಲ್ವಾ?

ಸದ್ಯಕ್ಕೆ, ಅವರು ಕೊಟ್ಟ ಕಾಗದ ನೋಡಿ, ಅಷ್ಟೆ. ಪಹಣಿಯಲ್ಲಿ ಅವರ ಹೆಸರಿದೆ, ಕಂದಾಯದ ರಸೀದಿ ಇದೆ, ಮೇಲ್ನೋಟಕ್ಕೆ ಸ್ವಾಧೀನ ಅವರದೇ ಅನ್ನಿಸುತ್ತದೆ. ನಿಮ್ಮ ಹತ್ತಿರದ ವಿಭಾಗ ಪತ್ರ, ಮ್ಯುಟೇಷನ್ನು, ಸರ್ವೆ ನಕ್ಷೆ ಕೋರ್ಟಿನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಅವು ಬಿದ್ದ ಮೇಲೆ ಇದೇ ಕೋರ್ಟು ಇದೇ ಆದೇಶವನ್ನು ತೆಗೆಯಬಹುದು. ಜಮೀನು ಯಾರದು ಅನ್ನುವುದು ಈ ಹಾಳೆಯಲ್ಲಿ ತೀರ್ಮಾನ ಆಗಿಲ್ಲ.

ಇದರ ಜೊತೆ "ಬ್ಯಾಲೆನ್ಸ್ ಆಫ್ ಕನ್ವೀನಿಯನ್ಸ್", "ಇರ್ರಿಪೇರಬಲ್ ಇಂಜುರಿ" ಎಂಬ ಇನ್ನೆರಡು ಮಾತು ಇರುತ್ತವೆ. ತಡೆ ಕೊಡದಿದ್ದರೆ ಯಾರಿಗೆ ಜಾಸ್ತಿ ತೊಂದರೆ, ಆ ನಷ್ಟವನ್ನು ಆಮೇಲೆ ದುಡ್ಡಿನಲ್ಲಿ ತುಂಬಲು ಆಗುತ್ತದಾ ಎಂದು ನೋಡಿದೆ ಅಂತ ಅರ್ಥ. ಇಂಜುರಿ ಅಂದರೆ ಇಲ್ಲಿ ಮೈಗೆ ಆದ ಗಾಯ ಅಲ್ಲ.

ಹಾಗಾದರೆ ಇವತ್ತಿನಿಂದ ನಾನು ಏನೇನು ಮಾಡಬಾರದು?

ಆದೇಶದ ಕ್ರಿಯಾಪದಗಳನ್ನು ನೋಡಿ. ಅಲ್ಲಿ ಯಾವುದಿದೆಯೋ ಅದು ನಿಮಗೆ ನಿಷೇಧ.

"ಇಂಟರ್‌ಫಿಯರ್" ಎಂದಿದ್ದರೆ ವಾದಿಯ ಸ್ವಾಧೀನಕ್ಕೆ ಕೈ ಹಾಕಬಾರದು. ಉಳಲು ಹೋಗುವುದು, ಬೇಲಿ ಕೀಳುವುದು, ದಾರಿಗೆ ಕಲ್ಲು ಹಾಕುವುದು ಎಲ್ಲವೂ ಇದರಲ್ಲಿ ಬರುತ್ತದೆ. "ಏಲಿಯನೇಟ್" ಎಂದಿದ್ದರೆ ಬೇರೆಯವರಿಗೆ ಪರಭಾರೆ ಮಾಡಬಾರದು, ಅಂದರೆ ಮಾರಾಟ, ದಾನ ಯಾವುದೂ ಇಲ್ಲ. "ಎನ್‌ಕಂಬರ್" ಎಂದಿದ್ದರೆ ಜಮೀನಿನ ಮೇಲೆ ಋಣಭಾರ ತರಬಾರದು. ಬ್ಯಾಂಕಿನಲ್ಲಿ ಆಧಾರ ಮಾಡಿ ಬೆಳೆಸಾಲ ತೆಗೆಯುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ.

"ದೇರ್ ಮೆನ್, ಏಜೆಂಟ್ಸ್" ಅನ್ನುವುದನ್ನು ಜನ ಸುಮ್ನೆ ಮಾಮೂಲಿ ಮಾತು ಎಂದುಕೊಂಡು ದಾಟಿಬಿಡುತ್ತಾರೆ. ನೀವು ಹೋಗದೆ ಟ್ರ್ಯಾಕ್ಟರ್‌ನವನನ್ನು ಕಳಿಸಿದರೂ, ಭಾಮೈದುನನನ್ನು ಕಳಿಸಿದರೂ ಅದು ನೀವೇ ಹೋದ ಹಾಗೆ. ಮನೆಯವರಿಗೆಲ್ಲ, ಕೂಲಿಯವರಿಗೂ ಹೇಳಿ.

ಯಾವ ಜಾಗಕ್ಕೆ ಈ ನಿಷೇಧ ಅನ್ನುವುದು "ಸೂಟ್ ಷೆಡ್ಯೂಲ್ ಪ್ರಾಪರ್ಟಿ" ಎಂಬ ಮಾತಿನಲ್ಲಿದೆ. ಅದರ ವಿವರ ಈ ಹಾಳೆಯಲ್ಲಿ ಇರುವುದಿಲ್ಲ. ದಾವೆಯ ಕೊನೆಯ ಪುಟದಲ್ಲಿ ಸರ್ವೆ ನಂಬರು, ಎಕರೆ ಗುಂಟೆ, ಚಕ್ಕುಬಂದಿ ಬರೆದಿರುತ್ತಾರೆ. ಆ ಪುಟದ ಫೋಟೊ ಇಲ್ಲದೆ ಅನುವಾದ ಅರ್ಧವೇ. ನಿಮ್ಮ ಸರ್ವೆ ನಂಬರಿನಲ್ಲಿ 4 ಎಕರೆ ಇದ್ದು ದಾವೆ 20 ಗುಂಟೆಗೆ ಮಾತ್ರ ಇರಬಹುದು. ಉಳಿದ ಜಮೀನಿನಲ್ಲಿ ನೀವು ಎಂದಿನಂತೆ ಕೆಲಸ ಮಾಡಬಹುದು. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಏನು ಎಂದು ಚಕ್ಕುಬಂದಿಯನ್ನು ಸ್ಥಳದಲ್ಲೇ ನಿಂತು ಓದಿ ತಾಳೆ ನೋಡಿ.

ಮೀರಿದರೆ ಏನಾಗುತ್ತದೆ? ಆರ್ಡರ್ 39 ರೂಲ್ 2-ಎ ಪ್ರಕಾರ ನಿಮ್ಮ ಆಸ್ತಿಯನ್ನು ಜಪ್ತಿ ಮಾಡಬಹುದು, 3 ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. ಆದೇಶ ತಪ್ಪು ಎಂದು ನಿಮಗೆ ಎಷ್ಟೇ ಅನ್ನಿಸಿದರೂ, ಅದು ತೆಗೆದುಹೋಗುವ ತನಕ ಪಾಲಿಸಲೇಬೇಕು. ತಪ್ಪು ಅನ್ನುವುದನ್ನು ಹೇಳಬೇಕಾದ ಜಾಗ ಕೋರ್ಟು, ಹೊಲ ಅಲ್ಲ.

ನನಗೆ ಬಂದಿರುವುದು ವಾಟ್ಸ್ಆ್ಯಪ್ ಫೋಟೊ ಮಾತ್ರ. ಅಮೀನರು ಬಂದಿಲ್ಲ, ನಾನು ಸಹಿ ಹಾಕಿಲ್ಲ. ಆದರೂ ನನಗೆ ಅನ್ವಯ ಆಗುತ್ತಾ?

ನಿಷೇಧದ ಮಾತಿಗೆ, ಆಗುತ್ತದೆ ಎಂದೇ ನಡೆದುಕೊಳ್ಳಿ. ಆದೇಶ ಇರುವುದು ಗೊತ್ತಿದ್ದೂ ಮೀರಿದರೆ, "ನನಗೆ ಮುಟ್ಟಿಸಿಲ್ಲ" ಅನ್ನುವುದು ನಿಲ್ಲುವುದು ಕಷ್ಟ. ನೀವು ಫೋಟೊ ನೋಡಿದ್ದಕ್ಕೆ ನೀಲಿ ಟಿಕ್ ಇರುತ್ತದೆ, ಅಲ್ವಾ?

ಉತ್ತರ ಹಾಕುವ ಗಡುವಿಗೆ ಲೆಕ್ಕ ಬೇರೆ. ಅದು ಕೋರ್ಟಿನ ಸಮನ್ಸ್ ನಿಮಗೆ ಮುಟ್ಟಿದ ದಿನದಿಂದ ಶುರು. ಅಂದರೆ ಅಡ್ಡಿ ಮಾಡಬಾರದು ಅನ್ನುವುದು ಗೊತ್ತಾದ ಕ್ಷಣದಿಂದ, ಉತ್ತರದ ದಿನಗಳು ಸಮನ್ಸ್ ಸಿಕ್ಕಿದ ದಿನದಿಂದ.

ಹಾಗಂತ ಅಮೀನರು ಬಂದಾಗ ತಪ್ಪಿಸಿಕೊಳ್ಳಬೇಡಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ರಿಜಿಸ್ಟರ್ಡ್ ಅಂಚೆ ಬೇಡವೆಂದು ವಾಪಸ್ ಕಳಿಸಿದರೆ ಮುಟ್ಟಿದೆ ಎಂದೇ ಕೋರ್ಟು ಹೇಳಬಹುದು. ಆಗ ದಿನಗಳು ಓಡುತ್ತಿರುತ್ತವೆ, ನಿಮ್ಮ ಕೈಯಲ್ಲಿ ಕಾಗದವೂ ಇರುವುದಿಲ್ಲ. ತೆಗೆದುಕೊಂಡು, ಸಹಿಯ ಕೆಳಗೆ ಅವತ್ತಿನ ತಾರೀಕು ಹಾಕಿ. ಆ ತಾರೀಕನ್ನು ನಿಮ್ಮ ಪ್ರತಿಯ ಮೇಲೂ ಬರೆದುಕೊಳ್ಳಿ.

ಗಡುವು ಎಷ್ಟು ದಿನ? 30 ಅಂತಾರೆ, 90 ಅಂತಾರೆ.

ಎಷ್ಟು ದಿನ ಅನ್ನುವುದಕ್ಕಿಂತ ಯಾವ ದಿನದಿಂದ ಅನ್ನುವುದನ್ನು ಮೊದಲು ಕೇಳಬೇಕು. ಈ ಒಂದು ಹಾಳೆಯ ಹಿಂದೆ ಮೂರು ಗಡಿಯಾರ ಓಡುತ್ತಿವೆ. ಮೂರರ ಲೆಕ್ಕವೂ ಬೇರೆ ಬೇರೆ.

ನಮ್ಮ ಉದಾಹರಣೆಯನ್ನೇ ಇಟ್ಟುಕೊಳ್ಳೋಣ. ಆದೇಶ ಆದದ್ದು ಜೂನ್ 12. ಫೋಟೊ ಬಂದದ್ದು ಜೂನ್ 14. ಸಮನ್ಸ್ ಮತ್ತು ದಾವೆಯ ನಕಲು ಕೈಗೆ ಬಂದದ್ದು ಜೂನ್ 20. ಮುಂದಿನ ಮುದ್ದತು ಜುಲೈ 8.

ಮೊದಲನೆಯದು ಜುಲೈ 8. ಅವತ್ತು ನೀವೋ ನಿಮ್ಮ ವಕೀಲರೋ ಕೋರ್ಟಿನಲ್ಲಿ ಇರಬೇಕು. ವಕಾಲತ್ತು ಹಾಕಬೇಕು. ತಡೆಯಾಜ್ಞೆಯ ಅರ್ಜಿಗೆ ತಕರಾರು ಹಾಕಬೇಕು, ಇಲ್ಲವೇ ಸಮಯ ಕೇಳಬೇಕು. ತಡೆಯಾಜ್ಞೆ ತೆಗೆಯಿರಿ ಎಂದು ಆರ್ಡರ್ 39 ರೂಲ್ 4ರಲ್ಲಿ ಅರ್ಜಿ ಹಾಕುವುದಾದರೆ ಅದಕ್ಕೆ ಜುಲೈ 8ರ ತನಕ ಕಾಯಬೇಕೆಂದೇನೂ ಇಲ್ಲ. ಮೊದಲೇ ಹಾಕಬಹುದು.

ಎರಡನೆಯದು ಲಿಖಿತ ಹೇಳಿಕೆ, ಅಂದರೆ ಇಡೀ ದಾವೆಗೆ ನಿಮ್ಮ ಉತ್ತರ. ಕೋರ್ಟಿನಲ್ಲಿ ಡಬ್ಲ್ಯೂ.ಎಸ್. ಅನ್ನುತ್ತಾರೆ. ಸಮನ್ಸ್ ಮುಟ್ಟಿದ ದಿನದಿಂದ 30 ದಿನ. ಮುಟ್ಟಿದ ದಿನವನ್ನು ಬಿಟ್ಟು ಜೂನ್ 21ನ್ನು 1 ಎಂದು ಎಣಿಸಿ. 30ನೇ ದಿನ ಜುಲೈ 20. ಅವತ್ತು ಭಾನುವಾರ, ಕೋರ್ಟಿಲ್ಲ. ಹಾಗಾಗಿ ಜುಲೈ 21, ಸೋಮವಾರ ಹಾಕಬಹುದು. ಕಾರಣ ಬರೆದು ಕೋರ್ಟು ಇದನ್ನು 90 ದಿನದ ತನಕ ಬೆಳೆಸಬಹುದು. ಲೆಕ್ಕ ಹಾಕಿದರೆ ಸೆಪ್ಟೆಂಬರ್ 18. ಈ 90 ಕೋರ್ಟು ಕೊಟ್ಟರೆ ಸಿಗುವಂಥದ್ದು. ನಿಮಗೆ ತಾನಾಗಿ ಸಿಕ್ಕ ರಜೆ ಅಂತ ತಿಳಿಯಬೇಡಿ. ಸಾಮಾನ್ಯ ಸಿವಿಲ್ ದಾವೆಯಲ್ಲಿ 90 ದಾಟಿದ ಮೇಲೂ ತೀರಾ ಬಲವಾದ ಕಾರಣ ಇದ್ದರೆ ಕೋರ್ಟು ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿದೆ. ವಾಣಿಜ್ಯ ದಾವೆಗಳಲ್ಲಿ ಆ ದಯೆ ಇಲ್ಲ, 120 ದಿನಕ್ಕೆ ಬಾಗಿಲು ಮುಚ್ಚುತ್ತದೆ.

ಮೂರನೆಯದು ಮೇಲ್ಮನವಿ. ತಡೆಯಾಜ್ಞೆಯ ಮೇಲೆ ಮೇಲಿನ ಕೋರ್ಟಿಗೆ ಹೋಗಬಹುದು. ಅದು ಹೈಕೋರ್ಟ್ ಅಲ್ಲದ ಕೋರ್ಟಾದರೆ 30 ದಿನ, ಹೈಕೋರ್ಟ್ ಆದರೆ 90 ದಿನ. ತಾಲ್ಲೂಕಿನ ಸಿವಿಲ್ ಜಡ್ಜ್ ಆದೇಶಕ್ಕೆ ಸಾಮಾನ್ಯವಾಗಿ 30. ಈ ಗಡಿಯಾರ ಶುರುವಾಗುವುದು ಆದೇಶದ ದಿನದಿಂದ. ಸಮನ್ಸ್ ಮುಟ್ಟಿದ ದಿನದಿಂದ ಅಲ್ಲ! ಜೂನ್ 12ನ್ನು ಬಿಟ್ಟು ಎಣಿಸಿದರೆ 30ನೇ ದಿನ ಜುಲೈ 12. ಸಮನ್ಸ್ ಸಿಗುವ ಹೊತ್ತಿಗೇ 8 ದಿನ ಹೋಗಿಬಿಟ್ಟಿದೆ.

ಇಲ್ಲಿ ಒಂದು ಅನುಕೂಲ ಇದೆ. ಮೇಲ್ಮನವಿಗೆ ಆದೇಶದ ದೃಢೀಕೃತ ನಕಲು ಬೇಕು. ಆ ನಕಲಿಗೆ ಅರ್ಜಿ ಹಾಕಿದ ದಿನದಿಂದ ಅದು ಸಿದ್ಧವಾದ ದಿನದ ತನಕದ ಸಮಯವನ್ನು ಕಾಲಮಿತಿ ಕಾಯ್ದೆಯ 12ನೇ ಕಲಂ ಬಿಟ್ಟುಕೊಡುತ್ತದೆ. ನೀವು ಜೂನ್ 23ಕ್ಕೆ ಅರ್ಜಿ ಹಾಕಿ, ನಕಲು ಜೂನ್ 27ಕ್ಕೆ ಸಿದ್ಧವಾಯಿತು ಅಂದರೆ 5 ದಿನ ಕಳೆಯಿತು. ಕೊನೇ ದಿನ ಜುಲೈ 17 ಆಗುತ್ತದೆ. ನಕಲಿನ ಮೇಲೆ ಅರ್ಜಿ ಹಾಕಿದ ದಿನ, ಸಿದ್ಧವಾದ ದಿನ, ಕೊಟ್ಟ ದಿನ ಎಂದು ಸೀಲು ಹಾಕಿರುತ್ತಾರೆ. ಆ ಸೀಲನ್ನೂ ಅನುವಾದದಲ್ಲಿ ಬರೆಸಿಕೊಳ್ಳಿ. ಸಿದ್ಧವಾದ ಮೇಲೆ ನೀವು ಹೋಗಿ ತರಲು ತಡ ಮಾಡಿದ ದಿನಗಳು ಲೆಕ್ಕದಿಂದ ಕಳೆಯುವುದಿಲ್ಲ.

ಮೇಲ್ಮನವಿಯೋ ರೂಲ್ 4ರ ಅರ್ಜಿಯೋ ಅನ್ನುವುದನ್ನು ವಕೀಲರು ಕಾಗದ ನೋಡಿ ಹೇಳಬೇಕು. ಅನುವಾದ ಮಾಡುವ ನಾನು ತಾರೀಕುಗಳನ್ನು ಮಾತ್ರ ಬರೆದುಕೊಡುತ್ತೇನೆ.

"ಟಿಲ್ ನೆಕ್ಸ್ಟ್ ಡೇಟ್" ಅಂತ ಇದೆ. ಜುಲೈ 8 ಆದ ಮೇಲೆ ತಡೆ ತಾನೇ ಹೋಗುತ್ತಲ್ಲ?

ಆ ಹಾಳೆಯ ಮಾತಿನ ಪ್ರಕಾರ ಅವಧಿ ಜುಲೈ 8ರ ತನಕ. ಆದರೆ ಜುಲೈ 8ರಂದು ವಾದಿಯ ವಕೀಲರು ಕೇಳುತ್ತಾರೆ, ನ್ಯಾಯಾಧೀಶರು "ಐ.ಓ. ಎಕ್ಸ್‌ಟೆಂಡೆಡ್" ಎಂದು ಬರೆಯುತ್ತಾರೆ. ಎರಡೇ ಪದ. ಮಧ್ಯಂತರ ಆದೇಶ ಇನ್ನೊಂದು ಮುದ್ದತಿನ ತನಕ ಬೆಳೆಯಿತು ಎಂದರ್ಥ. ಹಳೇ ಫೋಟೊ ನೋಡಿಕೊಂಡು ಜುಲೈ 9ಕ್ಕೆ ನೇಗಿಲು ಹೂಡಿದರೆ ಸಿಕ್ಕಿಬೀಳುತ್ತೀರಿ. ಪ್ರತಿ ಮುದ್ದತು ಆದ ಮೇಲೆ ಅವತ್ತಿನ ಸಾಲನ್ನು ನೋಡಿ.

"ಅಂಟಿಲ್ ಫರ್ದರ್ ಆರ್ಡರ್ಸ್" ಎಂದಿದ್ದರೆ ಮುಂದಿನ ಆದೇಶ ಆಗುವ ತನಕ, ತಾರೀಕಿನ ಹಂಗಿಲ್ಲ. "ಟಿಲ್ ಡಿಸ್ಪೋಸಲ್ ಆಫ್ ದಿ ಸೂಟ್" ಅಥವಾ "ಪೆಂಡೆಂಟೆ ಲೀಟೆ" ಎಂದಿದ್ದರೆ ದಾವೆ ಮುಗಿಯುವ ತನಕ, ಅದು ವರ್ಷಗಟ್ಟಲೆ ಆಗಬಹುದು.

ನಿಮ್ಮನ್ನು ಕೇಳದೆ ಕೊಟ್ಟ ತಡೆಯ ಅರ್ಜಿಯನ್ನು 30 ದಿನದೊಳಗೆ ತೀರ್ಮಾನಿಸಲು ಕೋರ್ಟು ಪ್ರಯತ್ನಿಸಬೇಕು, ಆಗದಿದ್ದರೆ ಕಾರಣ ಬರೆಯಬೇಕು ಎಂದು ರೂಲ್ 3-ಎ ಹೇಳುತ್ತದೆ. 30 ದಿನ ಕಳೆದ ಕೂಡಲೇ ತಡೆ ಬಿದ್ದುಹೋಗುತ್ತದೆ ಅಂತ ಅಲ್ಲ. ಬೇಗ ಕೇಳಿ ಎಂದು ಒತ್ತಾಯಿಸಲು ನಿಮ್ಮ ವಕೀಲರಿಗೆ ಒಂದು ಆಧಾರ.

ಎದುರಿನವರಿಗೆ ಯಾವ ಷರತ್ತೂ ಇಲ್ಲವಾ?

ಇದೆ. "ಕಂಪ್ಲೈ ರೂಲ್ 3" ಅಂದರೆ ಅದೇ. ನಿಮ್ಮನ್ನು ಕೇಳದೆ ತಡೆ ಪಡೆದ ವಾದಿ, ಆದೇಶ ಆದ ಕೂಡಲೇ ಅರ್ಜಿ, ಅದರ ಅಫಿಡವಿಟ್, ದಾವೆ ಮತ್ತು ಆಧಾರದ ದಾಖಲೆಗಳ ನಕಲನ್ನು ನಿಮಗೆ ಕೊಡಬೇಕು, ಇಲ್ಲವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಹಾಗೆ ಮಾಡಿದೆ ಎಂದು ಅವತ್ತೇ ಅಥವಾ ಮಾರನೇ ದಿನ ಕೋರ್ಟಿಗೆ ಅಫಿಡವಿಟ್ ಹಾಕಬೇಕು. ನಮ್ಮ ಲೆಕ್ಕದಲ್ಲಿ ಜೂನ್ 13ರೊಳಗೆ.

ಹಾಗಾಗಿ ಅಂಚೆಯಲ್ಲಿ ಬಂದ ಲಕೋಟೆಯನ್ನು ಬಿಸಾಡಬೇಡಿ. ಅದರ ಮೇಲಿನ ಅಂಚೆ ಮುದ್ರೆಯ ಫೋಟೊ ತೆಗೆದಿಡಿ. ಹತ್ತು ದಿನ ತಡವಾಗಿ ಕಳಿಸಿದ್ದರೆ, ದಾಖಲೆ ಬಿಟ್ಟು ಬರೀ ಆದೇಶ ಕಳಿಸಿದ್ದರೆ, ತಡೆ ತೆಗೆಯಿರಿ ಎನ್ನುವ ಅರ್ಜಿಯಲ್ಲಿ ನಿಮ್ಮ ವಕೀಲರಿಗೆ ಅದು ಬೇಕಾಗುತ್ತದೆ. ಅನುವಾದದಲ್ಲಿ ಈ ಸಾಲನ್ನು "ನಿಯಮ 3 ಪಾಲಿಸತಕ್ಕದ್ದು" ಎಂದಷ್ಟೇ ಬರೆದರೆ ಪ್ರತಿವಾದಿಗೆ ತನ್ನ ತಲೆ ಮೇಲೇ ಇನ್ನೊಂದು ಹೊರೆ ಬಿತ್ತು ಅನ್ನಿಸುತ್ತದೆ. ಯಾರು ಪಾಲಿಸಬೇಕು ಅನ್ನುವುದನ್ನು ಬಿಡಿಸಿ ಬರೆಯಬೇಕು.

ನಮ್ಮ ಆದೇಶದಲ್ಲಿ ಇಂಜಂಕ್ಷನ್ ಅಂತಿಲ್ಲ, "ಸ್ಟೇಟಸ್ ಕೋ" ಅಂತಿದೆ. ಎರಡೂ ಒಂದೇನಾ?

ಊರಿನಲ್ಲಿ ಎರಡಕ್ಕೂ "ಸ್ಟೇ" ಅನ್ನುತ್ತಾರೆ. ಆದರೆ ಬೇರೆ ಬೇರೆ. ಇಂಜಂಕ್ಷನ್ ಸಾಮಾನ್ಯವಾಗಿ ಪ್ರತಿವಾದಿಯನ್ನು ಮಾತ್ರ ಕಟ್ಟಿಹಾಕುತ್ತದೆ. "ಬೋತ್ ಪಾರ್ಟೀಸ್ ಶಲ್ ಮೇಂಟೇನ್ ಸ್ಟೇಟಸ್ ಕೋ" ಎಂದಿದ್ದರೆ ಇಬ್ಬರೂ ಈಗ ಹೇಗಿದೆಯೋ ಹಾಗೇ ಇಟ್ಟುಕೊಳ್ಳಬೇಕು. ವಾದಿಯೂ ಹೊಸದಾಗಿ ಏನೂ ಮಾಡುವಂತಿಲ್ಲ.

ಎರಡು ಪ್ರಶ್ನೆ ಕೇಳಿಕೊಳ್ಳಿ. ಯಾವುದರ ಯಥಾಸ್ಥಿತಿ? ಸ್ವಾಧೀನದ್ದಾ, ಕಟ್ಟಡದ್ದಾ, ಖಾತೆಯದ್ದಾ? ಯಾವ ದಿನದ ಯಥಾಸ್ಥಿತಿ? "ಆ್ಯಸ್ ಆನ್ ಟುಡೇ" ಎಂದಿದ್ದರೆ ಅವತ್ತಿನ ಸ್ಥಿತಿ. ಇದನ್ನು ಬರೆಯದೆ ಬರೀ "ಸ್ಟೇಟಸ್ ಕೋ" ಎಂದಿದ್ದಾಗ ಇಬ್ಬರೂ ನಾನೇ ಸ್ವಾಧೀನದಲ್ಲಿದ್ದೆ ಎಂದು ಅದೇ ಹಾಳೆ ಹಿಡಿದು ಜಗಳ ಆಡುತ್ತಾರೆ. ಅಂಥ ಆದೇಶ ಬಂದರೆ ಅವತ್ತೇ ಜಮೀನಿನ ಫೋಟೊ ತೆಗೆದಿಡಿ. ಬೆಳೆ ಯಾವುದು, ಬೇಲಿ ಎಲ್ಲಿ, ಪಾಯ ಎಷ್ಟು ಮೇಲೆ ಬಂದಿದೆ ಅನ್ನುವುದು ಕಾಣಬೇಕು. ಮುಂದಿನ ಮುದ್ದತಿಗೆ ಸ್ಪಷ್ಟನೆ ಕೇಳಿಸಲು ವಕೀಲರಿಗೆ ಹೇಳಿ.

"ಫೇಲಿಂಗ್ ವಿಚ್" ಅಂದರೆ?

"ತಪ್ಪಿದರೆ" ಎಂದರ್ಥ. ಆದೇಶದಲ್ಲಿ ಈ ಎರಡು ಪದ ಕಂಡರೆ ಅದರ ಮುಂದಿನ ಸಾಲನ್ನು ಎರಡು ಸಲ ಓದಿ. "500 ರೂಪಾಯಿ ಕಾಸ್ಟ್ ಮೇಲೆ ಡಬ್ಲ್ಯೂ.ಎಸ್. ಹಾಕಲು ಕೊನೆಯ ಅವಕಾಶ, ಫೇಲಿಂಗ್ ವಿಚ್ ಡಬ್ಲ್ಯೂ.ಎಸ್. ಟೇಕನ್ ಆ್ಯಸ್ ನಿಲ್." ಅಂದರೆ ಮುಂದಿನ ಮುದ್ದತಿಗೆ 500 ರೂಪಾಯಿ ಕಟ್ಟಿ ಉತ್ತರ ಹಾಕದಿದ್ದರೆ, ನೀವು ಉತ್ತರವೇ ಕೊಟ್ಟಿಲ್ಲ ಎಂದು ಬರೆದುಕೊಳ್ಳುತ್ತಾರೆ. ಕಾಸ್ಟ್ ಅಂದರೆ ಇಲ್ಲಿ ಬೆಲೆ ಅಲ್ಲ, ತಡ ಮಾಡಿದ್ದಕ್ಕೆ ಕೊಡಬೇಕಾದ ವೆಚ್ಚ. ಯಾರಿಗೆ ಕೊಡಬೇಕು, ಎದುರಿನವರಿಗೋ ಕಾನೂನು ಸೇವಾ ಸಮಿತಿಗೋ ಅನ್ನುವುದೂ ಅಲ್ಲೇ ಬರೆದಿರುತ್ತದೆ. ಉತ್ತರ ಹಾಕಿ ದುಡ್ಡು ಕಟ್ಟುವುದು ಮರೆತರೆ ಷರತ್ತು ಪೂರ್ತಿ ಆದಂತಲ್ಲ.

ಉಳಿದ ಲ್ಯಾಟಿನ್ ಮಾತುಗಳನ್ನು ಹೇಗೆ ಓದಬೇಕು?

ಜಾಸ್ತಿ ಕಾಣುವ ಕೆಲವನ್ನು ಹೇಳಿಬಿಡುತ್ತೇನೆ. "ಸೈನೆ ಡಿಯೆ" ಅಂದರೆ ತಾರೀಕು ಹಾಕದೆ ಮುಂದಕ್ಕೆ ಹಾಕಿದ್ದಾರೆ. ಕೇಸು ಮುಗಿದಿಲ್ಲ, ಮತ್ತೆ ಎದ್ದು ಬರಬಹುದು. "ಇನ್ ಲಿಮಿನೆ" ಅಂದರೆ ಹೊಸ್ತಿಲಲ್ಲೇ, ಒಳಗೆ ತೆಗೆದುಕೊಳ್ಳದೆ ವಜಾ. "ಸುವೋ ಮೋಟು" ಅಂದರೆ ಯಾರೂ ಕೇಳದೆ ಕೋರ್ಟು ತಾನಾಗಿ ಮಾಡಿದ್ದು. "ಇಂಟರ್ ಏಲಿಯಾ" ಅಂದರೆ "ಇತರ ವಿಷಯಗಳ ಜೊತೆಗೆ", ಹೇಳಿದ್ದು ಪೂರ್ತಿ ಪಟ್ಟಿ ಅಲ್ಲ ಎಂಬ ಎಚ್ಚರಿಕೆ. "ಲಿಸ್ ಪೆಂಡೆನ್ಸ್" ಅಂದರೆ ದಾವೆ ನಡೆಯುತ್ತಿರುವಾಗ ಆ ಆಸ್ತಿಯನ್ನು ಮಾರಿದರೂ ಕೊಂಡವರು ದಾವೆಯ ಫಲಕ್ಕೆ ಒಳಪಡುತ್ತಾರೆ. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಇದು. ತಡೆಯಾಜ್ಞೆ ಇಲ್ಲದಿದ್ದರೂ ಅನ್ವಯ ಆಗುತ್ತದೆ.

ಇಂಗ್ಲಿಷಿನ "ಶಲ್" ಮತ್ತು "ಮೇ" ಕಡೆಗೂ ಗಮನ ಇರಲಿ. ಮೊದಲನೆಯದು "ಮಾಡಲೇಬೇಕು", ಎರಡನೆಯದು ಸಾಮಾನ್ಯವಾಗಿ "ಮಾಡಬಹುದು". ಎರಡನ್ನೂ "ಮಾಡತಕ್ಕದ್ದು" ಎಂದು ಬರೆದ ಅನುವಾದ ನನ್ನ ಕೈಗೆ ಬಂದಿದೆ. ಹಾಗೆ ಬರೆದರೆ ಯಾವುದು ಕಡ್ಡಾಯ, ಯಾವುದು ಅವಕಾಶ ಎಂದು ಓದಿದವರಿಗೆ ಗೊತ್ತೇ ಆಗುವುದಿಲ್ಲ.

ಮುದ್ದತು ತಪ್ಪಿಹೋಗಿದೆ. "ಪ್ಲೇಸ್ಡ್ ಎಕ್ಸ್ ಪಾರ್ಟೆ" ಅಂತ ಬಂದುಬಿಟ್ಟಿದೆ. ಮುಗೀತಾ?

ಮುಗಿದಿಲ್ಲ. ತೀರ್ಪು ಇನ್ನೂ ಆಗಿಲ್ಲದಿದ್ದರೆ, ಬಾರದ ಕಾರಣ ಹೇಳಿ ಆರ್ಡರ್ 9 ರೂಲ್ 7ರಲ್ಲಿ ಅರ್ಜಿ ಹಾಕಬಹುದು. ಒಪ್ಪಿದರೆ ತಪ್ಪಿಹೋದ ಹಂತದಿಂದಲೇ ಮತ್ತೆ ಸೇರಿಸಿಕೊಳ್ಳುತ್ತಾರೆ. ಒಪ್ಪದಿದ್ದರೂ, ಅಲ್ಲಿಂದ ಮುಂದಿನ ನಡಾವಳಿಯಲ್ಲಿ ಭಾಗವಹಿಸುವ ಹಕ್ಕು ಉಳಿದಿರುತ್ತದೆ ಎಂದು ಸುಪ್ರೀಂ ಕೋರ್ಟು 1955ರಲ್ಲೇ ಹೇಳಿದೆ.

ನೀವಿಲ್ಲದೆ ಡಿಕ್ರಿಯೇ ಆಗಿದ್ದರೆ ಆರ್ಡರ್ 9 ರೂಲ್ 13. ಅದಕ್ಕೆ 30 ದಿನ. ಸಮನ್ಸ್ ಸರಿಯಾಗಿ ಮುಟ್ಟಿದ್ದರೆ ಡಿಕ್ರಿಯ ದಿನದಿಂದ, ಸರಿಯಾಗಿ ಮುಟ್ಟಿಲ್ಲದಿದ್ದರೆ ಡಿಕ್ರಿ ಆಗಿದೆ ಎಂದು ನಿಮಗೆ ತಿಳಿದ ದಿನದಿಂದ. ತಿಳಿದದ್ದು ಹೇಗೆ, ಯಾವತ್ತು ಅನ್ನುವುದನ್ನು ತೋರಿಸಬೇಕಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊವನ್ನು ಅಳಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ. ಅದು ಬಂದ ತಾರೀಕು ಅಲ್ಲೇ ಇರುತ್ತದೆ.

ನೀವು ಕೊಟ್ಟ ಕನ್ನಡ ಅನುವಾದವನ್ನು ಕೋರ್ಟಿಗೆ ಹಾಕಬಹುದಾ?

ಇಲ್ಲ, ಅದು ನಿಮಗೆ ಅರ್ಥವಾಗಲೆಂದು ಮಾಡಿದ್ದು. ಕೋರ್ಟಿಗೆ ಬೇಕಾದದ್ದು ಮೂಲ ಆದೇಶ ಅಥವಾ ಅದರ ದೃಢೀಕೃತ ನಕಲು. ಅನುವಾದಕ್ಕೂ ಮೂಲಕ್ಕೂ ಎಲ್ಲಾದರೂ ವ್ಯತ್ಯಾಸ ಕಂಡರೆ ಮೂಲವೇ ನಿಲ್ಲುತ್ತದೆ. ನಾನು ಸಾಮಾನ್ಯವಾಗಿ ಎರಡು ಹಾಳೆ ಕೊಡುತ್ತೇನೆ. ಒಂದರಲ್ಲಿ ಆದೇಶದ ಪೂರ್ತಿ ಮಾತು. ಇನ್ನೊಂದರಲ್ಲಿ ಯಾರು, ಏನು, ಯಾವ ದಿನದೊಳಗೆ, ಯಾವ ದಿನದಿಂದ ಎಣಿಸಿ ಅನ್ನುವುದು ದೊಡ್ಡ ಅಕ್ಷರದಲ್ಲಿ. ಎರಡನೆಯದನ್ನು ವಕೀಲರಿಗೆ ತೋರಿಸಿ, ಅವರು ತಿದ್ದಿದರೆ ಅವರದ್ದೇ ಸರಿ ಎಂದಿಟ್ಟುಕೊಳ್ಳಿ.

ವಕೀಲರಿಗೆ ಕೊಡಲು ದುಡ್ಡಿಲ್ಲ.

ತಾಲ್ಲೂಕು ಕಾನೂನು ಸೇವಾ ಸಮಿತಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಆದಾಯದ ಮಿತಿ ಇಲ್ಲದೆ ಉಚಿತವಾಗಿ ವಕೀಲರನ್ನು ಕೇಳಬಹುದು. ಉಳಿದವರಿಗೆ ಆದಾಯದ ಮಿತಿ ಇದೆ. ಹೋಗುವ ಮೊದಲು 15100ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಹೋಗುವಾಗ ಸಮನ್ಸ್, ಆದೇಶದ ಹಾಳೆ ಅಥವಾ ಫೋಟೊ, ದಾವೆಯ ಷೆಡ್ಯೂಲ್ ಇರುವ ಪುಟ, ಲಕೋಟೆ ಮತ್ತು ನಿಮ್ಮ ಪಹಣಿ ತೆಗೆದುಕೊಂಡು ಹೋಗಿ. ಮುದ್ದತಿನ ಹಿಂದಿನ ದಿನ ಹೋಗಬೇಡಿ. ಅರ್ಜಿ ಬರೆದು, ವಕೀಲರನ್ನು ಗೊತ್ತುಮಾಡಿ, ಅವರು ಕಾಗದ ಓದುವುದಕ್ಕೆ ನಾಲ್ಕಾರು ದಿನ ಬೇಕು. ಜುಲೈ 8ರ ಮುದ್ದತಿಗೆ ಜೂನ್ ಮುಗಿಯುವ ಮೊದಲೇ ಹೋಗಿ.